ದುಂಡು ಮೊಹರಿನಲ್ಲಿ ಹೊಸ ಹೆಸರು ಕೂರಿಸುವಾಗ ಅಂತರವನ್ನು ಎಲ್ಲಿ ಅಳೆಯಬೇಕು?

(ವಿನ್ಯಾಸದ ಕೆಲಸ ಮಾಡುವವರ ಒಂದು ಕೂಟದಲ್ಲಿ ಮಾತನಾಡಿದ್ದನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಂದು ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿರುವುದರಿಂದ ಕೆಲವು ಕಡೆ ವಿವರಣೆ ಸ್ವಲ್ಪ ಬೆಳೆದಿದೆ.)

ಸ್ನೇಹಿತರೇ, ದುಂಡಗಿನ ಮೊಹರು ಅಥವಾ ಲಾಂಛನವೊಂದರಲ್ಲಿ ಹೆಸರು ಬದಲಾಗಿದೆ, ಉಳಿದದ್ದೆಲ್ಲ ಹಾಗೆಯೇ ಇರಬೇಕು ಎಂಬ ಕೆಲಸ ನಮ್ಮ ಮೇಜಿಗೆ ಆಗಾಗ ಬರುತ್ತದೆ. ಮೂಲ ಕಡತ ಯಾರ ಬಳಿಯೂ ಇರುವುದಿಲ್ಲ. ಸಿಗುವುದು ಒಂದು ಚಿತ್ರ ಅಥವಾ ಸ್ಕ್ಯಾನ್ ಮಾತ್ರ. ವೃತ್ತವೊಂದನ್ನು ಎಳೆದು, ಅದರ ಮೇಲೆ ಪಠ್ಯವನ್ನು ಹತ್ತಿಸಿ, ಸುತ್ತ ತಿರುಗಿಸಿ ಕೂರಿಸುವುದಕ್ಕೆ ಹತ್ತು ನಿಮಿಷ ಸಾಕು. ಆದರೂ ಹಾಗೆ ಕೂರಿಸಿದ ಹೆಸರು ಹೊರಗಿನಿಂದ ತಂದು ಅಂಟಿಸಿದಂತೆ ಕಾಣುತ್ತದೆ. ಮೇಲಿನ ಸಾಲು ಸಡಿಲವಾಗಿ, ಕೆಳಗಿನ ಸಾಲು ಇಕ್ಕಟ್ಟಾಗಿ, ಒಂದೆರಡು ಅಕ್ಷರಗಳು ಸಾಲು ಬಿಟ್ಟು ಎದ್ದು ನಿಂತಂತೆ ತೋರುತ್ತವೆ. ಇದು ಹೀಗೇಕಾಗುತ್ತದೆ, ಇದನ್ನು ಲೆಕ್ಕದಿಂದ ಎಷ್ಟು ಸರಿಪಡಿಸಬಹುದು, ಎಲ್ಲಿಂದ ಮುಂದೆ ಕಣ್ಣನ್ನೇ ನಂಬಬೇಕು ಎಂಬುದಷ್ಟೇ ಇಂದಿನ ವಿಷಯ. ಬೇರೆಯವರ ಅಧಿಕೃತ ಮೊಹರನ್ನು ಹೀಗೆ ತಿದ್ದುವುದು ವಿನ್ಯಾಸವಲ್ಲ, ಅಪರಾಧ ಎಂಬುದನ್ನು ಒಮ್ಮೆ ಹೇಳಿ ಮುಂದುವರಿಯುತ್ತೇನೆ.

ಉದಾಹರಣೆಗೆಂದು ನಾನೇ ಕಟ್ಟಿಕೊಂಡ ಒಂದು ಮೊಹರನ್ನು ತೆಗೆದುಕೊಳ್ಳೋಣ. ಚಿತ್ರದ ಅಳತೆ 1200 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ಹೊರಗೆರೆಯ ತ್ರಿಜ್ಯ 560, ಒಳಗೆರೆಯ ತ್ರಿಜ್ಯ 400. ಈ ಎರಡರ ನಡುವಿನ 160 ಪಿಕ್ಸೆಲ್ ಅಗಲದ ಪಟ್ಟಿಯಲ್ಲಿ ಅಕ್ಷರಗಳಿವೆ. ಮೇಲ್ಗಡೆ ‘ಚಿತ್ರಕಲಾ ಬಳಗ’ ಎಂದಿದೆ, ಕೆಳಗಡೆ ‘ಸ್ಥಾಪನೆ 1986’ ಎಂದಿದೆ, ಎಡಬಲಗಳಲ್ಲಿ ಒಂದೊಂದು ನಕ್ಷತ್ರವಿದೆ. ಮೇಲಿನ ಹೆಸರು ‘ಚಿತ್ರಕಲಾ ಅಭ್ಯಾಸ ಕೇಂದ್ರ’ ಎಂದಾಗಬೇಕು.

ಮೊದಲ ಕೆಲಸ ನಡುಬಿಂದುವನ್ನು ಕಂಡುಕೊಳ್ಳುವುದು. ಚಿತ್ರದ ನಡುವೇ ಮೊಹರಿನ ನಡು ಎಂದು ನಂಬಬಾರದು, ಏಕೆಂದರೆ ಸ್ಕ್ಯಾನ್ ಮಾಡಿ ಕತ್ತರಿಸಿದ ಚಿತ್ರದಲ್ಲಿ ಅವೆರಡೂ ಒಂದೇ ಆಗಿರುವುದು ಅಪರೂಪ. ಹೊರಗೆರೆಯ ಎಡ, ಬಲ, ಮೇಲು, ಕೆಳಗಿನ ತುದಿಗಳಿಗೆ ತಾಗುವಂತೆ ನಾಲ್ಕು ಮಾರ್ಗರೇಖೆಗಳನ್ನು ಎಳೆದರೆ ನಡುಬಿಂದು ಸಿಗುತ್ತದೆ. ಅದರ ಜೊತೆಗೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಅಗಲ 1120 ಇದ್ದು ಎತ್ತರ 1112 ಬಂದರೆ ನಿಮ್ಮ ಕೈಯಲ್ಲಿರುವುದು ವೃತ್ತವಲ್ಲ, ಸ್ಕ್ಯಾನಿನಲ್ಲಿ ಒಂದಿಷ್ಟು ಚಪ್ಪಟೆಯಾದ ಅಂಡಾಕಾರ. ಅದನ್ನು ಮೊದಲೇ ಹಿಗ್ಗಿಸಿ ಸರಿಪಡಿಸದೆ ಮುಂದುವರಿದರೆ, ನೀವು ಕೂರಿಸುವ ಸರಿಯಾದ ವೃತ್ತದ ಪಠ್ಯ ಒಂದು ಕಡೆ ಗೆರೆಗೆ ಹತ್ತಿರವಾಗಿ ಇನ್ನೊಂದು ಕಡೆ ದೂರವಾಗುತ್ತದೆ. ತಪ್ಪು ಎಲ್ಲಿದೆ ಎಂದು ಪಠ್ಯದಲ್ಲೇ ಹುಡುಕುತ್ತಾ ಕೂರಬೇಕಾಗುತ್ತದೆ.

ಹಳೆಯ ಅಕ್ಷರಗಳನ್ನು ಒಂದೊಂದಾಗಿ ಅಳಿಸುವ ಅಗತ್ಯವಿಲ್ಲ. ಅದೇ ನಡುಬಿಂದುವಿನಿಂದ 480 ತ್ರಿಜ್ಯದ ವೃತ್ತವನ್ನೆಳೆದು, ಅದರ ಗೆರೆಯ ದಪ್ಪವನ್ನು 150ಕ್ಕೆ ಏರಿಸಿ, ಪಟ್ಟಿಯ ಬಣ್ಣವನ್ನೇ ಕೊಟ್ಟರೆ ಇಡೀ ಪಟ್ಟಿ ಒಂದೇ ಏಟಿಗೆ ಖಾಲಿಯಾಗುತ್ತದೆ. ಎರಡು ಗೆರೆಗಳನ್ನೂ ನಕ್ಷತ್ರಗಳನ್ನೂ ವೆಕ್ಟರ್‌ನಲ್ಲಿ ಮತ್ತೆ ಬರೆದುಕೊಳ್ಳುವುದು ಒಳ್ಳೆಯದು. ಮಸುಕಾದ ಗೆರೆಗಳ ನಡುವೆ ಹರಿತವಾದ ಹೊಸ ಅಕ್ಷರಗಳು ಬಂದರೆ, ಅಂತರಗಳೆಲ್ಲ ಸರಿಯಿದ್ದರೂ ತೇಪೆ ಕಾಣುತ್ತದೆ.

ಆದರೆ ಅಳಿಸುವುದಕ್ಕೆ ಮೊದಲು ಹಳೆಯ ಅಕ್ಷರಗಳಿಂದ ಪಡೆಯಬೇಕಾದ ಅಳತೆಗಳಿವೆ. ಅಕ್ಷರಗಳು ಕೂತಿರುವ ತಳಗೆರೆಯ ತ್ರಿಜ್ಯ ಎಷ್ಟು ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಕನ್ನಡದ ಅಕ್ಷರಗಳ ತಳ ದುಂಡು, ಅದು ಗೆರೆಯನ್ನು ಒಂದೊಂದು ಬಿಂದುವಿನಲ್ಲಿ ಮಾತ್ರ ತಾಗುತ್ತದೆ. ಆದ್ದರಿಂದ ಒಂದು ವೃತ್ತವನ್ನು ನಡುಬಿಂದುವಿನಿಂದ ಹಿಗ್ಗಿಸುತ್ತಾ ಹೋಗಿ ಮೂರು ನಾಲ್ಕು ಅಕ್ಷರಗಳ ತಳವನ್ನು ಅದು ಒಟ್ಟಿಗೆ ತಾಗುವ ಹಂತದಲ್ಲಿ ನಿಲ್ಲಿಸಬೇಕು. ತಲೆಕಟ್ಟಿಗೂ ಹೀಗೆಯೇ ಇನ್ನೊಂದು ವೃತ್ತ. ಅಲ್ಲಿ ತಲೆಕಟ್ಟಿನ ತುದಿಯನ್ನಲ್ಲ, ನಡುಭಾಗವನ್ನು ತಾಗಿಸಬೇಕು, ಕಾರಣವನ್ನು ಮುಂದೆ ಹೇಳುತ್ತೇನೆ. ನಮ್ಮ ಉದಾಹರಣೆಯಲ್ಲಿ ಮೇಲಿನ ಸಾಲಿನ ತಳ 450ಕ್ಕೆ, ತಲೆ 510ಕ್ಕೆ ಬರುತ್ತದೆ. ಅಂದರೆ ಅಕ್ಷರದ ಮೈಯ ಎತ್ತರ 60. ತ್ರ ಅಕ್ಷರದ ಒತ್ತು ತಳದಿಂದ ಇನ್ನೂ 30 ಪಿಕ್ಸೆಲ್ ಕೆಳಕ್ಕೆ, ಅಂದರೆ 420ರವರೆಗೆ ಇಳಿಯುತ್ತದೆ. ಒಳಗೆರೆಗೆ ಇನ್ನೂ 20 ಪಿಕ್ಸೆಲ್ ಉಳಿಯುತ್ತದೆ.

ಈ 20ರ ಲೆಕ್ಕವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಕನ್ನಡದ ಮೊಹರಿನಲ್ಲಿ ಅಕ್ಷರದ ಗಾತ್ರವನ್ನು ನಿರ್ಧರಿಸುವುದು ಅಕ್ಷರದ ಮೈಯಲ್ಲ, ಒತ್ತು. ಮೈಯನ್ನು ಪಟ್ಟಿಯ ನಟ್ಟನಡುವೆ, ಅಂದರೆ 480ರ ಆಚೀಚೆ ಸಮವಾಗಿ ಇಟ್ಟಿದ್ದೇವೆ. ಒತ್ತಿನ ಆಳ ಮೈಯ ಅರ್ಧದಷ್ಟು. ಹಾಗಾಗಿ ಒತ್ತಿನ ತುದಿಗೂ ಗೆರೆಗೂ ಉಳಿಯುವ ಜಾಗ 80ರಲ್ಲಿ ಮೈಯ ಎತ್ತರವನ್ನು ಕಳೆದಷ್ಟು. ಮೈ 60 ಇದ್ದರೆ 20 ಉಳಿಯುತ್ತದೆ, 70 ಮಾಡಿದರೆ 10 ಮಾತ್ರ. ಪಟ್ಟಿ ಖಾಲಿ ಕಾಣುತ್ತದೆ, ಅಕ್ಷರವನ್ನು ಇನ್ನಷ್ಟು ದೊಡ್ಡದು ಮಾಡಿ ಎಂದು ಕೇಳುವವರಿಗೆ ನಾನು ತೋರಿಸುವುದು ಈ ಒತ್ತನ್ನೇ.

ಈಗ ಕೆಳಗಿನ ಸಾಲಿಗೆ ಬರೋಣ. ಮೇಲಿನ ಸಾಲಿನ ಅಕ್ಷರಗಳ ತಲೆ ಹೊರಗೆರೆಯ ಕಡೆಗಿರುತ್ತದೆ. ಕೆಳಗಿನ ಸಾಲನ್ನು ತಲೆಕೆಳಗಾಗದಂತೆ ಓದಬೇಕೆಂದರೆ ಅಕ್ಷರಗಳ ತಲೆ ನಡುಬಿಂದುವಿನ ಕಡೆಗಿರಬೇಕು. ಆಗ ಅವುಗಳ ತಳ ಹೊರಗಡೆಗೆ ಬರುತ್ತದೆ. ಮೇಲಿನ ಸಾಲಿಗೆ ಬಳಸಿದ 450ರ ವೃತ್ತವನ್ನೇ ತಿರುವಿ ಹಾಕಿ ಕೆಳಗಿನ ಸಾಲನ್ನು ಅದರ ಮೇಲೆ ಕೂರಿಸುವುದು ಎಲ್ಲರೂ ಮೊದಲ ಸಲ ಮಾಡುವ ತಪ್ಪು. ಹಾಗೆ ಮಾಡಿದರೆ ಅಕ್ಷರದ ಮೈ 450ರಿಂದ 390ರವರೆಗೆ ಹೋಗಿ ಒಳಗೆರೆಯನ್ನು ದಾಟಿಬಿಡುತ್ತದೆ. ಕೆಳಗಿನ ಸಾಲಿಗೆ ಬೇರೆಯೇ ವೃತ್ತ ಬೇಕು, ಅದರ ತ್ರಿಜ್ಯ 510. ಆಗ ಎರಡೂ ಸಾಲುಗಳ ಮೈ 450 ಮತ್ತು 510ರ ನಡುವೆಯೇ ನಿಲ್ಲುತ್ತದೆ. ‘ಸ್ಥಾ’ದ ಒತ್ತು ಈಗ ಹೊರಕ್ಕೆ, 540ರವರೆಗೆ ಚಾಚುತ್ತದೆ, ಅಲ್ಲಿಯೂ ಹೊರಗೆರೆಗೆ 20 ಉಳಿಯುತ್ತದೆ.

ಇಲ್ಲಿ ಒಂದು ಆಯ್ಕೆ ಇದೆ. ಒತ್ತನ್ನೂ ಸೇರಿಸಿ ಇಡೀ ಸಾಲನ್ನು ಪಟ್ಟಿಯ ನಡುವೆ ತರಬೇಕೆಂದು ಹೊರಟರೆ, ಮೇಲಿನ ಸಾಲನ್ನು ಹೊರಕ್ಕೂ ಕೆಳಗಿನ ಸಾಲನ್ನು ಒಳಕ್ಕೂ ಸರಿಸಬೇಕಾಗುತ್ತದೆ. ಕಾಗದದ ಮೇಲಿನ ಲೆಕ್ಕಕ್ಕೆ ಅದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಆಗ ಎರಡು ಸಾಲುಗಳ ಮೈ ಬೇರೆ ಬೇರೆ ವೃತ್ತಗಳ ಮೇಲೆ ನಿಲ್ಲುತ್ತದೆ, ನಕ್ಷತ್ರದ ಆಚೀಚೆ ಒಂದು ಮೆಟ್ಟಿಲು ಕಾಣಿಸುತ್ತದೆ. ಒಂಬತ್ತು ಅಕ್ಷರಗಳಲ್ಲಿ ಒತ್ತು ಇರುವುದು ಮೂರಕ್ಕೆ; ಕಣ್ಣು ಹಿಡಿದುಕೊಂಡು ಹೋಗುವುದು ಮೈಯ ಸಾಲನ್ನು. ಹಾಗಾಗಿ ಮೈಯನ್ನು ಸಾಲಾಗಿರಿಸಿ, ಒತ್ತು ಗೆರೆಯ ಕಡೆಗೆ ಇಳಿದರೆ ಇಳಿಯಲಿ ಎಂದು ಬಿಡುವುದೇ ನನ್ನ ರೂಢಿ.

ಇನ್ನು ಅಂತರದ ಪ್ರಶ್ನೆ. ತಂತ್ರಾಂಶ ಪಠ್ಯವನ್ನು ವೃತ್ತದ ಮೇಲೆ ಕೂರಿಸುವಾಗ ಅಕ್ಷರವನ್ನು ಬಗ್ಗಿಸುವುದಿಲ್ಲ. ಪ್ರತಿ ಅಕ್ಷರದ ಅಗಲದ ನಡುಭಾಗವನ್ನು ತಳಗೆರೆಯ ಮೇಲಿಟ್ಟು, ಆ ಜಾಗದಲ್ಲಿ ವೃತ್ತಕ್ಕೆ ಎಳೆದ ಸ್ಪರ್ಶರೇಖೆಯ ದಿಕ್ಕಿಗೆ ಅಕ್ಷರವನ್ನು ಇಡಿಯಾಗಿ ತಿರುಗಿಸುತ್ತದೆ. ನೇರ ಸಾಲಿನಲ್ಲಿದ್ದ ಅಂತರಗಳನ್ನು ಅದು ಉಳಿಸಿಕೊಳ್ಳುತ್ತದೆ, ಆದರೆ ತಳಗೆರೆಯ ಉದ್ದಕ್ಕೆ ಮಾತ್ರ. ಕಣ್ಣು ಅಂತರವನ್ನು ಅಳೆಯುವುದು ತಳದಲ್ಲಲ್ಲ. ದುಂಡಗಿನ ನಮ್ಮ ಅಕ್ಷರಗಳ ಹೊಟ್ಟೆಗಳು ಒಂದಕ್ಕೊಂದು ಹತ್ತಿರ ಬರುವುದು ಮೈಯ ನಡು ಎತ್ತರದಲ್ಲಿ. ಸಡಿಲ, ಬಿಗಿ ಎಂಬ ಅನಿಸಿಕೆ ಹುಟ್ಟುವುದು ಅಲ್ಲಿಂದ. ಮೇಲಿನ ಸಾಲಿನಲ್ಲಿ ಆ ನಡು ಎತ್ತರ ತಳಕ್ಕಿಂತ ದೊಡ್ಡ ವೃತ್ತದ ಮೇಲಿದೆ, ಕೆಳಗಿನ ಸಾಲಿನಲ್ಲಿ ತಳಕ್ಕಿಂತ ಸಣ್ಣ ವೃತ್ತದ ಮೇಲಿದೆ. ಒಂದೇ ಫಾಂಟ್, ಒಂದೇ ಗಾತ್ರ, ಒಂದೇ ಟ್ರ್ಯಾಕಿಂಗ್ ಇದ್ದರೂ ಒಂದು ಸಾಲು ಸಡಿಲವಾಗಿ ಇನ್ನೊಂದು ಇಕ್ಕಟ್ಟಾಗಿ ಕಾಣುವುದಕ್ಕೆ ಇರುವ ಕಾರಣ ಇಷ್ಟೇ.

ಇದನ್ನು ಅಂಕಿಗಳಲ್ಲಿ ನೋಡೋಣ. ಯಾವುದೇ ವೃತ್ತದಲ್ಲಿ ಒಂದು ಡಿಗ್ರಿಯ ಉದ್ದ ಬೇಕೆಂದರೆ ಸುತ್ತಳತೆಯನ್ನು 360ರಿಂದ ಭಾಗಿಸಿದರಾಯಿತು. 450ರ ವೃತ್ತದಲ್ಲಿ ಒಂದು ಡಿಗ್ರಿಗೆ 7.85 ಪಿಕ್ಸೆಲ್, 480ರಲ್ಲಿ 8.38, 510ರಲ್ಲಿ 8.90. ‘ಚಿತ್ರಕಲಾ ಅಭ್ಯಾಸ ಕೇಂದ್ರ’ ಎಂಬುದನ್ನು ಮೊದಲು ನೇರ ಸಾಲಿನಲ್ಲಿ, ಬೇಕಾದ ಗಾತ್ರದಲ್ಲಿ, ಕಣ್ಣಿಗೆ ಹಿತವಾಗುವ ಅಂತರದಲ್ಲಿ ಬರೆದು ಅಳೆದಾಗ 840 ಪಿಕ್ಸೆಲ್ ಬಂದಿತೆನ್ನೋಣ. ಅದನ್ನು ಹಾಗೆಯೇ 450ರ ವೃತ್ತಕ್ಕೆ ಹತ್ತಿಸಿದರೆ 107 ಡಿಗ್ರಿಯಷ್ಟು ಹರಡುತ್ತದೆ. ನಡು ಎತ್ತರದ ವೃತ್ತದಲ್ಲಿ 107 ಡಿಗ್ರಿಯ ಉದ್ದ 896. ಅಂದರೆ 840ರಲ್ಲಿ ಚೆನ್ನಾಗಿದ್ದ ಸಾಲು 896ರಲ್ಲಿ ಹರಡಿಕೊಂಡಿದೆ. 56 ಪಿಕ್ಸೆಲ್ ಗಾಳಿ ಒಳಗೆ ಹೊಕ್ಕಿದೆ. ನಮಗೆ ಬೇಕಾದದ್ದು ನಡು ಎತ್ತರದಲ್ಲಿ 840, ಅಂದರೆ 100 ಡಿಗ್ರಿ. ಅಕ್ಷರಗಳನ್ನೂ ಎರಡು ಖಾಲಿ ಜಾಗಗಳನ್ನೂ ಸೇರಿಸಿ ಎಣಿಸಿದರೆ ಹನ್ನೊಂದು ಸ್ಥಾನಗಳು, ಅವುಗಳ ನಡುವೆ ಹತ್ತು ಸಂದುಗಳು. ತಳಗೆರೆಯಲ್ಲಿ ಕಡಿಮೆ ಮಾಡಬೇಕಾದ 52 ಪಿಕ್ಸೆಲ್‌ಗಳನ್ನು ಹತ್ತಕ್ಕೆ ಹಂಚಿದರೆ ಪ್ರತಿ ಸಂದಿಗೂ ಸುಮಾರು 5 ಪಿಕ್ಸೆಲ್ ಬಿಗಿಯಾಗಬೇಕು.

ಕೆಳಗಿನ ಸಾಲಿಗೆ ಇದೇ ಲೆಕ್ಕ ತಿರುವು ಮುರುವು. ‘ಸ್ಥಾಪನೆ 1986’ ನೇರ ಸಾಲಿನಲ್ಲಿ 430 ಪಿಕ್ಸೆಲ್ ಇದ್ದರೆ, 510ರ ವೃತ್ತದಲ್ಲಿ 48 ಡಿಗ್ರಿಯನ್ನಷ್ಟೇ ಹಿಡಿಯುತ್ತದೆ. ನಡು ಎತ್ತರದಲ್ಲಿ ಅದು 405 ಪಿಕ್ಸೆಲ್‌ಗೆ ಕುಗ್ಗಿರುತ್ತದೆ. 51 ಡಿಗ್ರಿ ಬೇಕು. ಏಳು ಸಂದುಗಳಿಗೆ ಸುಮಾರು 4 ಪಿಕ್ಸೆಲ್‌ನಂತೆ ಸಡಿಲಿಸಬೇಕು. ಇದನ್ನು ಕಲಿತದ್ದು ಪೆಟ್ಟು ತಿಂದೇ. ನಾನು ಮಾಡಿಕೊಟ್ಟ ಒಂದು ಮೊಹರಿನಲ್ಲಿ ಎರಡೂ ಸಾಲಿಗೆ ಒಂದೇ ಟ್ರ್ಯಾಕಿಂಗ್ ಇಟ್ಟಿದ್ದೆ. ಪರದೆಯ ಮೇಲೆ ದೊಡ್ಡದಾಗಿ ನೋಡಿದಾಗ ಏನೂ ತಪ್ಪು ಕಾಣಲಿಲ್ಲ. ರಬ್ಬರಿನಲ್ಲಿ ಅಚ್ಚಾಗಿ ಬಂದು ಶಾಯಿ ಹರಡಿದಾಗ ಇಸವಿಯ ಕೊನೆಯ ಎರಡು ಅಂಕಿಗಳ ತಲೆಗಳು ಕೂಡಿಕೊಂಡು ಒಂದು ಕಪ್ಪು ಉಂಡೆಯಾಗಿದ್ದವು.

ಇವೆರಡನ್ನೂ ಎಸ್‌ವಿಜಿ ಕಡತದಲ್ಲಿ, ಅದರ `svg` ಹೊರಕವಚದ ಒಳಗೆ, ಬರೆದರೆ ಹೀಗಿರುತ್ತದೆ:

```
<path id="mele" fill="none"
  d="M 150 600 A 450 450 0 0 1 1050 600"/>
<path id="kelage" fill="none"
  d="M 90 600 A 510 510 0 0 0 1110 600"/>
<text font-size="100" letter-spacing="-5" text-anchor="middle">
  <textPath href="#mele" startOffset="50%">ಚಿತ್ರಕಲಾ ಅಭ್ಯಾಸ ಕೇಂದ್ರ</textPath>
</text>
<text font-size="100" letter-spacing="4" text-anchor="middle">
  <textPath href="#kelage" startOffset="50%">ಸ್ಥಾಪನೆ 1986</textPath>
</text>
```

ಎರಡು ಕಂಸಗಳೂ ಎಡದಿಂದ ಬಲಕ್ಕೆ ಹೋಗುತ್ತವೆ. ಮೇಲಿನದು ನೆತ್ತಿಯನ್ನು ಹಾದು, ಕೆಳಗಿನದು ತಳವನ್ನು ಹಾದು. ಆ ವ್ಯತ್ಯಾಸ ಬರುವುದು 1050 ಮತ್ತು 1110 ಎಂಬ ಅಂಕಿಗಳಿಗೆ ತುಸು ಮೊದಲು ಬರುವ 1 ಮತ್ತು 0ಗಳಿಂದ, ಅಂದರೆ ಕಂಸ ಯಾವ ಕಡೆಗೆ ತಿರುಗಬೇಕೆಂದು ಹೇಳುವ ಗುರುತಿನಿಂದ. `font-size` ಎದುರಿನ 100 ಒಂದು ಆರಂಭ ಮಾತ್ರ. ಫಾಂಟಿನಿಂದ ಫಾಂಟಿಗೆ ಮೈಯ ಎತ್ತರ ಬದಲಾಗುವುದರಿಂದ, ಅಳೆದಾಗ ಮೈ 60 ಬರುವವರೆಗೆ ಅದನ್ನು ಹೊಂದಿಸಬೇಕು. ಇಂಕ್‌ಸ್ಕೇಪ್ ಬಳಸುವವರು ಪಠ್ಯವನ್ನೂ ಕಂಸವನ್ನೂ ಒಟ್ಟಿಗೆ ಆಯ್ದು `Text > Put on Path` ಒತ್ತಿದರೆ ಇದೇ ರಚನೆ ಸಿಗುತ್ತದೆ. ಪೂರ್ತಿ ವೃತ್ತವನ್ನೇ ಕೊಟ್ಟರೆ ಪಠ್ಯ ಬಲಭಾಗದಿಂದ, ಗಡಿಯಾರದ ಮೂರು ಗಂಟೆಯ ಜಾಗದಿಂದ ಶುರುವಾಗುತ್ತದೆ. ಆಮೇಲೆ ಅಂದಾಜಿನಲ್ಲಿ ತಿರುಗಿಸುವುದಕ್ಕಿಂತ ಹೀಗೆ ಅರ್ಧವೃತ್ತ ಕೊಟ್ಟು ಅದರ ನಡುವಿಗೆ ಕಟ್ಟಿಹಾಕುವುದು ಸುಲಭ. ಇಲಸ್ಟ್ರೇಟರ್‌ನಲ್ಲಾದರೆ `Type on a Path Options` ಎಂಬಲ್ಲಿ `Rainbow` ಎಂಬ ಆಯ್ಕೆ ನಮಗೆ ಬೇಕಾದದ್ದು.

ಪಠ್ಯವನ್ನು ಬಗ್ಗಿಸುವ ಇನ್ನೊಂದು ಸೌಲಭ್ಯ ಹಲವು ತಂತ್ರಾಂಶಗಳಲ್ಲಿದೆ, ಸಾಮಾನ್ಯವಾಗಿ ಅದರ ಹೆಸರು `Warp`. ಅದು ಅಕ್ಷರಗಳನ್ನು ತಿರುಗಿಸುವುದಿಲ್ಲ, ರಬ್ಬರಿನಂತೆ ಎಳೆಯುತ್ತದೆ. ನಮ್ಮ ಅಳತೆಯಲ್ಲಿ ಅಕ್ಷರದ ತಲೆ ತಳಕ್ಕಿಂತ ಶೇಕಡ 13ರಷ್ಟು ಅಗಲವಾಗುತ್ತದೆ, ಗೀಟುಗಳ ದಪ್ಪವೂ ಅದರೊಂದಿಗೆ ಹಿಗ್ಗುತ್ತದೆ. ಇದನ್ನು ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೂಲದ ಮೊಹರನ್ನೇ ಹೀಗೆ ಮಾಡಿರಬಹುದು. ಅಗಲವಾದ ಅಕ್ಷರವೊಂದರ ತಲೆಕಟ್ಟನ್ನು ಹಿಗ್ಗಿಸಿ ನೋಡಿ: ನೇರವಾಗಿದ್ದರೆ ಅಕ್ಷರವನ್ನು ತಿರುಗಿಸಿದ್ದಾರೆ, ಬಿಲ್ಲಿನಂತೆ ಬಾಗಿದ್ದರೆ ಎಳೆದಿದ್ದಾರೆ. ಬಾಗಿದ ಕೆಳಸಾಲಿನ ಮೇಲೆ ನೇರವಾದ ಮೇಲ್ಸಾಲು ಹೊಂದುವುದಿಲ್ಲ. ಆಗ ಎರಡನ್ನೂ ಹೊಸದಾಗಿ ಕೂರಿಸಬೇಕು.

ಲೆಕ್ಕ ಇಲ್ಲಿಯವರೆಗೆ ತಂದು ಬಿಡುತ್ತದೆ. ಇಲ್ಲಿಂದ ಮುಂದೆ ಕೈಕೆಲಸ, ಮತ್ತು ಅದರಲ್ಲಿ ಮೊದಲನೆಯದು ಅಗಲವಾದ ಅಕ್ಷರಗಳದ್ದು. ತಂತ್ರಾಂಶ ಎಲ್ಲ ಸಂದುಗಳಿಂದಲೂ ಒಂದೇ ಸಮನಾಗಿ 5 ಪಿಕ್ಸೆಲ್ ಕಳೆಯಿತು. ಆದರೆ ವೃತ್ತದಿಂದಾಗಿ ಸೇರಿಕೊಂಡ ಗಾಳಿ ಎಲ್ಲ ಕಡೆಯೂ ಒಂದೇ ಸಮ ಇರಲಿಲ್ಲ. ಅದು ಅಕ್ಕಪಕ್ಕದ ಅಕ್ಷರಗಳ ಅಗಲವನ್ನು ಹೊಂದಿಕೊಂಡಿರುತ್ತದೆ. 65 ಪಿಕ್ಸೆಲ್ ಅಗಲದ ಎರಡು ಅಕ್ಷರಗಳ ನಡುವೆ 4 ಪಿಕ್ಸೆಲ್ ಸೇರಿದ್ದರೆ, 130 ಮತ್ತು 100 ಅಗಲದ ಎರಡರ ನಡುವೆ 8ರ ಹತ್ತಿರ ಸೇರಿರುತ್ತದೆ. ಆದ್ದರಿಂದ ಟ್ರ್ಯಾಕಿಂಗ್ ಮುಗಿದ ಮೇಲೂ ‘ಭ್ಯಾ’, ‘ಕೇಂ’ಗಳಂಥ ಅಗಲವಾದವುಗಳ ಸುತ್ತ ಸ್ವಲ್ಪ ಸಡಿಲ ಉಳಿಯುತ್ತದೆ, ‘ಕ’ದಂಥವು ಒಂದು ಕೂದಲೆಳೆ ಬಿಗಿಯಾಗುತ್ತವೆ. ಕರ್ನಿಂಗ್‌ನಲ್ಲಿ ಜೋಡಿ ಜೋಡಿಯಾಗಿ ಎರಡು ಮೂರು ಪಿಕ್ಸೆಲ್ ಆಚೀಚೆ ಮಾಡಿದರೆ ಸಾಕು. ಪದಗಳ ನಡುವಿನ ಖಾಲಿ ಜಾಗವೂ ಮೇಲಿನ ಸಾಲಿನಲ್ಲಿ ಅಗತ್ಯಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದನ್ನು ಇನ್ನೂ ಒಂದಿಷ್ಟು ಕುಗ್ಗಿಸಿ.

ಅಗಲದ ಇನ್ನೊಂದು ತೊಂದರೆ ಎತ್ತರದಲ್ಲಿ ಕಾಣಿಸಿಕೊಳ್ಳುತ್ತದೆ. ಅಕ್ಷರ ನೆಟ್ಟಗಿದೆ, ವೃತ್ತ ಬಾಗಿದೆ. ಅಕ್ಷರದ ನಡು ಮಾತ್ರ ವೃತ್ತವನ್ನು ತಾಗಿ, ಎರಡೂ ತುದಿಗಳು ಹೊರಕ್ಕೆ ಚಾಚಿಕೊಂಡಿರುತ್ತವೆ. ಎಷ್ಟು ಚಾಚುತ್ತವೆ ಎಂಬುದಕ್ಕೆ ಅಗಲದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿ. 65 ಅಗಲದ ‘ಕ’ಕ್ಕೆ ಇದು ಒಂದು ಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚು, ಯಾರಿಗೂ ಕಾಣದು. ‘ಕೇಂ’ ಎಂಬುದನ್ನು ತಂತ್ರಾಂಶ ಒಂದೇ ಘಟಕವೆಂದು ಹಿಡಿದು ತಿರುಗಿಸಿದರೆ ಅದರ ಅಗಲ 150ರವರೆಗೂ ಹೋಗಬಹುದು, ಆಗ ಚಾಚು 6 ಪಿಕ್ಸೆಲ್, ಮೈಯ ಎತ್ತರದ ಹತ್ತನೇ ಒಂದು ಭಾಗ. ಅನುಸ್ವಾರದ ಸೊನ್ನೆ ಸಾಲು ಬಿಟ್ಟು ಹೊರಗೆ ತೇಲುತ್ತಿರುವಂತೆ ಕಾಣುವುದು ಇದರಿಂದ. ತಲೆಕಟ್ಟಿನ ತುದಿಯನ್ನು ಅಳತೆಗೆ ಬಳಸಬೇಡಿ ಎಂದು ಆಗಲೇ ಹೇಳಿದ್ದಕ್ಕೂ ಇದೇ ಕಾರಣ.

ಇದಕ್ಕೆ ನಾನು ಮಾಡುವುದು ಹೀಗೆ. ಸಾಧಾರಣ ಅಗಲದವುಗಳನ್ನು ಮುಟ್ಟುವುದಿಲ್ಲ. ಅಗಲವಾದ ಅಕ್ಷರವನ್ನು ಚಾಚಿನ ಮೂರನೇ ಒಂದು ಭಾಗದಷ್ಟು, ಅಂದರೆ ಎರಡು ಪಿಕ್ಸೆಲ್‌ನಷ್ಟು, ನಡುಬಿಂದುವಿನ ಕಡೆಗೆ ಸರಿಸುತ್ತೇನೆ. ಆಗ ನಡುಭಾಗ ಸ್ವಲ್ಪ ಒಳಗೆ, ತುದಿಗಳು ಸ್ವಲ್ಪ ಹೊರಗೆ ಹೋಗಿ ಒಟ್ಟಾರೆ ಸಾಲಿನಲ್ಲಿ ನಿಲ್ಲುತ್ತದೆ. ಅನುಸ್ವಾರ ಇನ್ನೂ ಹೊರಗಿದ್ದರೆ ಪಠ್ಯವನ್ನು ಆಕೃತಿಗೆ ಪರಿವರ್ತಿಸಿ, ಸೊನ್ನೆಯನ್ನು ಮಾತ್ರ ಬಿಡಿಸಿಕೊಂಡು, ಅದರ ತಿರುಗುಬಿಂದುವನ್ನು ಮೊಹರಿನ ನಡುಬಿಂದುವಿಗೆ ತಂದು ಅರ್ಧ, ಒಂದು ಡಿಗ್ರಿ ತಿರುಗಿಸಿ, ಆಮೇಲೆ ನಡುಬಿಂದುವಿನ ಕಡೆಗೆ ಸರಿಸಿ ಸಾಲಿನ ಮೇಲೆ ಕೂರಿಸಬೇಕು. ಆಕೃತಿಗೆ ಪರಿವರ್ತಿಸುವುದು ಕೊನೆಯ ಹೆಜ್ಜೆ. ಅದಕ್ಕೆ ಮೊದಲಿನ, ಪಠ್ಯ ತಿದ್ದಬಹುದಾದ ಕಡತವನ್ನು ಬೇರೆಯಾಗಿ ಉಳಿಸಿಕೊಳ್ಳಿ. ಹೆಸರು ಒಮ್ಮೆ ಬದಲಾಗಿದೆ ಎಂದರೆ ಇನ್ನೊಮ್ಮೆಯೂ ಬದಲಾದೀತು.

ಹಳೆಯ, ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಈ ಬಿಡಿಸಿಕೊಳ್ಳುವ ಕೆಲಸ ಬೇಡವೆಂದರೂ ತಾನಾಗಿಯೇ ನಡೆದುಬಿಡುತ್ತದೆ. ಅವುಗಳಲ್ಲಿ ಮೂಲಾಕ್ಷರ, ಒತ್ತು, ದೀರ್ಘದ ಗುರುತು ಎಲ್ಲವೂ ಬೇರೆ ಬೇರೆ ಅಚ್ಚುಗಳು. ನೇರ ಸಾಲಿನಲ್ಲಿ ಅವು ಅಂಟಿಕೊಂಡಂತೆ ಕಂಡರೂ ವೃತ್ತದ ಮೇಲೆ ಪ್ರತಿಯೊಂದೂ ತನ್ನದೇ ಕೋನಕ್ಕೆ ತಿರುಗುತ್ತದೆ. ಟ್ರ್ಯಾಕಿಂಗ್ ಬದಲಿಸಿದರೆ ಒತ್ತು ತನ್ನ ಅಕ್ಷರವನ್ನು ಬಿಟ್ಟು ಪಕ್ಕದ್ದರ ಕೆಳಗೆ ಹೋಗಿ ನಿಲ್ಲುತ್ತದೆ. ಮೊಹರಿಗೆ ಅಂಥ ಫಾಂಟೇ ಬೇಕೆಂದಿದ್ದರೆ ಪ್ರತಿ ಅಕ್ಷರವನ್ನು ಮೊದಲು ನೇರ ಸಾಲಿನಲ್ಲೇ ಆಕೃತಿ ಮಾಡಿ, ಗುಂಪು ಕಟ್ಟಿ, ಆಮೇಲೆ ಒಂದೊಂದನ್ನೇ ತಿರುಗಿಸಿ ಕೂರಿಸುವುದು ಬಿಟ್ಟರೆ ದಾರಿಯಿಲ್ಲ.

ನಕ್ಷತ್ರಗಳ ಬಗ್ಗೆ ಎರಡು ಮಾತು. ಮೇಲಿನ ಸಾಲು ಈಗ ನೆತ್ತಿಯಿಂದ ಎರಡೂ ಕಡೆಗೆ 50 ಡಿಗ್ರಿ ಇಳಿದು ನಿಲ್ಲುತ್ತದೆ. ಕೆಳಗಿನ ಸಾಲು ನೆತ್ತಿಯಿಂದ 154 ಡಿಗ್ರಿಯಲ್ಲಿ ಶುರುವಾಗುತ್ತದೆ. ಈ ಬಿಡುವಿನ ನಡು 102 ಡಿಗ್ರಿ. ನಕ್ಷತ್ರವನ್ನು ಅಭ್ಯಾಸಬಲದಿಂದ 90 ಡಿಗ್ರಿಯಲ್ಲೇ ಬಿಟ್ಟರೆ ಅದಕ್ಕೂ ಮೇಲಿನ ಸಾಲಿಗೂ 40 ಡಿಗ್ರಿ, ಕೆಳಗಿನ ಸಾಲಿಗೆ 64 ಡಿಗ್ರಿ ಆಗುತ್ತದೆ, ಹೊಸ ಹೆಸರು ಉದ್ದವಾಗಿ ಒತ್ತರಿಸಿಕೊಂಡು ಬಂದಿದೆ ಎಂಬುದು ತಕ್ಷಣ ತಿಳಿದುಬಿಡುತ್ತದೆ. ಹೆಸರನ್ನು ಹಳೆಯ ಅಳತೆಗೆ ಕುಗ್ಗಿಸುವುದಕ್ಕಿಂತ ನಕ್ಷತ್ರವನ್ನು ಕೆಳಗಿಳಿಸುವುದು ಮೇಲು.

ಕೊನೆಗೆ ಪರೀಕ್ಷೆ. ಇಡೀ ಚಿತ್ರವನ್ನು ಹತ್ತು ಹತ್ತು ಡಿಗ್ರಿಯಷ್ಟು ತಿರುಗಿಸುತ್ತಾ ಮೇಲಿನ ಸಾಲಿನ ಪ್ರತಿ ಅಕ್ಷರವನ್ನೂ ನೆತ್ತಿಯ ಜಾಗಕ್ಕೆ, ಕೆಳಗಿನ ಸಾಲಿನದ್ದನ್ನು ತಳದ ಜಾಗಕ್ಕೆ ತಂದು ನೋಡಿ. ಅಲ್ಲಿಗೆ ಬಂದ ಅಕ್ಷರ ನೆಟ್ಟಗೆ ನಿಂತಿರಬೇಕು. ಓರೆಯಾಗಿದ್ದರೆ ಕೈಯಿಂದ ಸರಿಸುವಾಗ ಅದನ್ನು ವೃತ್ತದ ಗುಂಟ ತಿರುಗಿಸದೆ ಸುಮ್ಮನೆ ಪಕ್ಕಕ್ಕೆ ಎಳೆದಿದ್ದೀರಿ ಎಂದರ್ಥ. ಆಮೇಲೆ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ. ಓದಲು ಬಾರದಂತಾದಾಗ ಕಣ್ಣು ಪದವನ್ನು ಬಿಟ್ಟು ಕಪ್ಪು ಬಿಳುಪನ್ನು ನೋಡುತ್ತದೆ, ಎಲ್ಲಿ ತೂತು ಬಿದ್ದಿದೆ, ಎಲ್ಲಿ ಗಂಟಾಗಿದೆ ಎಂದು ಕಾಣುತ್ತದೆ. ಮೊಹರು ಅಚ್ಚಾಗುವ ಗಾತ್ರದಲ್ಲಿಯೂ ಒಮ್ಮೆ ಮುದ್ರಿಸಿ ನೋಡಲೇಬೇಕು. ಹೊರಗೆರೆಯ ವ್ಯಾಸ 35 ಮಿಲಿಮೀಟರ್ ಆಗುವುದಾದರೆ ನಮ್ಮ ಅಕ್ಷರದ ಮೈ 1.9 ಮಿಲಿಮೀಟರ್, ಒತ್ತು 0.9 ಮಿಲಿಮೀಟರ್ ಮಾತ್ರ. ಆ ಅಳತೆಯಲ್ಲಿ ‘ಸ್ಥಾ’ದ ಒತ್ತಿನೊಳಗಿನ ಬಿಳುಪು ಶಾಯಿಯಲ್ಲಿ ಮುಚ್ಚಿಹೋಗುವಂತಿದ್ದರೆ ಫಾಂಟನ್ನು ತೆಳುವಾದದ್ದಕ್ಕೆ ಬದಲಿಸಬೇಕು, ಇಲ್ಲವೆ ಪಟ್ಟಿಯನ್ನೇ ಅಗಲಿಸಬೇಕು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ‘ಸರ್, ನೀವು ಹೆಸರು ಉದ್ದವಾದ ಕಥೆ ಹೇಳಿದಿರಿ. ಹೊಸ ಹೆಸರು ಚಿಕ್ಕದಾದರೆ ಹಳೆಯದರಷ್ಟೇ ಜಾಗಕ್ಕೆ ಹರಡಬಹುದಲ್ಲವೇ? ಎಸ್‌ವಿಜಿಯಲ್ಲಿ `textLength` ಎಂದು ಕೊಟ್ಟರೆ ಅದೇ ಹರಡಿಕೊಳ್ಳುತ್ತದೆ.’ ಹರಡಿಕೊಳ್ಳುತ್ತದೆ, ನಿಜ. ಆದರೆ ನಾಲ್ಕು ಅಕ್ಷರಗಳ ಒಂದು ಹೆಸರು 300 ಪಿಕ್ಸೆಲ್ ಇದೆ ಎಂದುಕೊಳ್ಳಿ. ಅದನ್ನು 100 ಡಿಗ್ರಿಗೆ, ಅಂದರೆ 840 ಪಿಕ್ಸೆಲ್‌ಗೆ ಹರಡಿದರೆ ಮೂರು ಸಂದುಗಳಲ್ಲಿ ಪ್ರತಿಯೊಂದಕ್ಕೂ 180 ಪಿಕ್ಸೆಲ್ ಬರುತ್ತದೆ. ಅದು ಎರಡು ಅಕ್ಷರಗಳಿಗಿಂತ ಹೆಚ್ಚಿನ ಅಗಲ. ಓದುವವರಿಗೆ ಕಾಣುವುದು ಒಂದು ಹೆಸರಲ್ಲ, ದೂರ ದೂರ ನಿಂತ ನಾಲ್ಕು ಅಕ್ಷರಗಳು. ಸಹಜ ಅಂತರಕ್ಕಿಂತ ಅಕ್ಷರದ ಕಾಲು ಭಾಗದಷ್ಟು ಅಗಲಿಸುವವರೆಗೆ ಪದ ಹಿಡಿದುಕೊಂಡಿರುತ್ತದೆ, ಅದಕ್ಕಿಂತ ಮುಂದಕ್ಕೆ ನಾನು ಹೋಗುವುದಿಲ್ಲ. ಉಳಿದ ಜಾಗಕ್ಕೆ ನಕ್ಷತ್ರವನ್ನು ಮೇಲಕ್ಕೆ ತನ್ನಿ, ಅದರ ಅಕ್ಕಪಕ್ಕ ಒಂದೊಂದು ಸಣ್ಣ ಚುಕ್ಕಿ ಇಡಿ, ಇಲ್ಲವೆ ಗೆರೆಯ ಒಂದು ತುಂಡನ್ನು 480ರ ವೃತ್ತದ ಮೇಲೆ ಎಳೆಯಿರಿ ಎಂದು ಅವರಿಗೆ ಹೇಳಿದೆ.